ಮಾಟುಂಗ ಅಂಗಡಿಯ ಆನ್‌ಲೈನ್ ಜಾಹೀರಾತು: ವೇಳೆ ಮತ್ತು ವಾರದ ದಿನಗಳ ವಿಶ್ಲೇಷಣೆ

ಮಾಲೀಕರ ಗಮನಕ್ಕೆ,

ಚಟ್ನಿಪುಡಿ, ಕೊಡುಬಳೆ ಮತ್ತು ಹಪ್ಪಳಗಳ ಗೂಗಲ್ ಜಾಹೀರಾತಿಗೆ ಕಳೆದ 8 ವಾರಗಳಲ್ಲಿ ₹1,68,000 ಖರ್ಚಾಗಿದ್ದು, 8,400 ಕ್ಲಿಕ್‌ಗಳಿಂದ 252 ಆರ್ಡರ್ ಬಂದಿವೆ. ಅಂದರೆ ನೂರು ಕ್ಲಿಕ್‌ಗೆ ಮೂರು ಆರ್ಡರ್, ಒಂದು ಆರ್ಡರ್‌ಗೆ ಸುಮಾರು ₹667. ಕ್ಲಿಕ್ ಮಾಡಿದವರು ಕೆಲವು ದಿನ ಬಿಟ್ಟು ಕೊಳ್ಳುವುದೂ ಉಂಟಾದ್ದರಿಂದ ತೀರಾ ಈಚಿನ ಒಂದು ವಾರವನ್ನು ಇದರಲ್ಲಿ ಸೇರಿಸಿಲ್ಲ.

ವಾರದ 168 ಗಂಟೆಗಳನ್ನು ಬಿಡಿಬಿಡಿಯಾಗಿ ನೋಡಿದಾಗ 41 ಗಂಟೆಗಳಲ್ಲಿ ಒಂದೂ ಆರ್ಡರ್ ಕಾಣಲಿಲ್ಲ. ಅವನ್ನೆಲ್ಲ ನಿಲ್ಲಿಸಿಬಿಡೋಣ ಎಂದು ತಾವು ಸೂಚಿಸಿದ್ದಿರಿ. ದಯವಿಟ್ಟು ಹಾಗೆ ಮಾಡುವುದು ಬೇಡ. ಒಂದೊಂದು ಗಂಟೆಯ ಪಾಲಿಗೆ ಬಂದಿರುವುದು ಸರಾಸರಿ 50 ಕ್ಲಿಕ್ ಮಾತ್ರ. ಎಲ್ಲ ಗಂಟೆಗಳೂ ಸರಿಸಮಾನವಾಗಿದ್ದರೂ ಇಷ್ಟು ಕಡಿಮೆ ಕ್ಲಿಕ್‌ಗಳಲ್ಲಿ ಸುಮಾರು 37 ಗಂಟೆಗಳು ಬರಿಯ ಆಕಸ್ಮಿಕವಾಗಿಯೇ ಸೊನ್ನೆ ತೋರಿಸುತ್ತವೆ. ಅತ್ಯುತ್ತಮವಾಗಿ ಕಾಣುವ ಗಂಟೆಯ ಕಥೆಯೂ ಇಷ್ಟೇ: ಮಂಗಳವಾರ ಮಧ್ಯಾಹ್ನ 3ರ ಗಂಟೆಯಲ್ಲಿ 31 ಕ್ಲಿಕ್‌ಗೆ 3 ಆರ್ಡರ್ ಇವೆ, ಆದರೆ ಬಿಲ್ ತೆಗೆದು ನೋಡಿದರೆ ಮೂರೂ ಒಂದೇ ದಿನ ಡೊಂಬಿವಲಿಯ ಒಂದೇ ಕಟ್ಟಡಕ್ಕೆ ಹೋಗಿವೆ.

ಆದ್ದರಿಂದ ಗಂಟೆಗಳನ್ನು ದೊಡ್ಡ ಅವಧಿಗಳಾಗಿ ಒಟ್ಟುಗೂಡಿಸಿದ್ದೇನೆ. ರಾತ್ರಿ 8ರಿಂದ 12ರವರೆಗೆ ₹42,000 ಖರ್ಚಿಗೆ 92 ಆರ್ಡರ್ ಬಂದಿದ್ದು, ಆರ್ಡರ್‌ಗೆ ₹457 ಬೀಳುತ್ತದೆ. ಕ್ಲಿಕ್‌ಗಳ ಲೆಕ್ಕದಲ್ಲಿ ನಿರೀಕ್ಷಿಸಬಹುದಾಗಿದ್ದ 63ಕ್ಕಿಂತ ಇದು ಎಷ್ಟೋ ಹೆಚ್ಚು. ಎಂಟು ವಾರಗಳ ಪೈಕಿ ಏಳರಲ್ಲಿ ಈ ಅವಧಿಯೇ ಮುಂದಿರುವುದರಿಂದ ನಾನು ಇದನ್ನು ನಂಬುತ್ತೇನೆ. ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ₹14,000ಕ್ಕೆ 9 ಆರ್ಡರ್ ಮಾತ್ರ. ದುರ್ಬಲವೆಂಬುದು ನಿಜವೇ ಇರಬಹುದು, ಆದರೆ 9 ಎಂಬುದು ಚಿಕ್ಕ ಸಂಖ್ಯೆ. ಉಳಿದ ಹಗಲಿನ ಹೊತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ವಾರದ ದಿನಗಳಲ್ಲಿ ಭಾನುವಾರ 48 ಆರ್ಡರ್‌ಗಳೊಂದಿಗೆ ಮೊದಲಿದೆ. ಅವುಗಳಲ್ಲಿ 19 ಗಣೇಶ ಚತುರ್ಥಿಗೆ ಮುಂಚಿನ ಒಂದೇ ಭಾನುವಾರದವು. ಅದನ್ನು ತೆಗೆದರೆ ಉಳಿದ ಏಳು ಭಾನುವಾರಗಳಿಗೆ ಬರುವುದು 29, ಅಂದರೆ ಯಾವುದೇ ಸಾಧಾರಣ ದಿನಕ್ಕಿಂತ ಹೆಚ್ಚೇನಲ್ಲ.

ಇನ್ನೊಂದು ಎಚ್ಚರಿಕೆ ಅಗತ್ಯ. ಗೂಗಲ್ ಆಡ್ಸ್‌ನ ಸಾಮಾನ್ಯ ವರದಿ ಆರ್ಡರನ್ನು ಕ್ಲಿಕ್ ಆದ ಗಂಟೆಗೆ ಬರೆಯುತ್ತದೆ, ನಮ್ಮ ಬಿಲ್ಲಿಂಗ್ ಪಟ್ಟಿಯಾದರೋ ಹಣ ಬಂದ ಗಂಟೆಗೆ ಬರೆಯುತ್ತದೆ. ಬೆಳಿಗ್ಗೆ ಲೋಕಲ್‌ನಲ್ಲಿ ಜಾಹೀರಾತು ಒತ್ತಿ ರಾತ್ರಿ ಮನೆಯಲ್ಲಿ ಕೊಂಡವರು ಎರಡು ಪಟ್ಟಿಗಳಲ್ಲಿ ಬೇರೆ ಬೇರೆ ಗಂಟೆಗಳಲ್ಲಿ ಕಾಣುವುದರಿಂದ ಈ ಪಟ್ಟಿಗಳನ್ನು ಬೆರೆಸಬಾರದು. ಮೇಲಿನ ಲೆಕ್ಕವೆಲ್ಲ ಕ್ಲಿಕ್‌ನ ವೇಳೆಯದು.

ನಮ್ಮ ಖಾತೆಯಲ್ಲಿ ಬಿಡ್, ಅಂದರೆ ಒಂದು ಕ್ಲಿಕ್‌ಗೆ ನಾವು ಕೊಡಲು ಒಪ್ಪುವ ಗರಿಷ್ಠ ಮೊತ್ತವನ್ನು, ಕೈಯಿಂದಲೇ ಇಡುವುದರಿಂದ ರಾತ್ರಿ 8ರಿಂದ 12ಕ್ಕೆ ಅದನ್ನು 15% ಏರಿಸಬಹುದು. ಮಧ್ಯರಾತ್ರಿಯ ಅವಧಿಯನ್ನು ನಿಲ್ಲಿಸದೆ, ಒಂದು ವಾರ 30% ಇಳಿಸಿ, ಮರುವಾರ ಮೊದಲಿನಂತೆಯೇ ಬಿಟ್ಟು, ಹೀಗೆ ಎಂಟು ವಾರ ನಡೆಸೋಣ. ವಾರದ ದಿನಗಳನ್ನು ಸದ್ಯಕ್ಕೆ ಮುಟ್ಟುವುದು ಬೇಡ. ಒಪ್ಪಿಗೆಯಿದ್ದರೆ ಬರುವ ಸೋಮವಾರದಿಂದ ಆರಂಭಿಸುತ್ತೇನೆ.