ಗುರುವಾರದಿಂದ ಶನಿವಾರ ಬೆಳಿಗ್ಗೆಯವರೆಗೆ ನೀರು ಬರುವುದಿಲ್ಲ

ಏಪ್ರಿಲ್ 12, ಭಾನುವಾರ
ನಂದನಗದ್ದಾ, ಕಾರವಾರ

ಬಡಾವಣೆಯ ಎಲ್ಲ ನಿವಾಸಿಗಳಿಗೆ,

ಏಪ್ರಿಲ್ 16ರ ಗುರುವಾರ ಬೆಳಿಗ್ಗೆ 6 ಗಂಟೆಯಿಂದ ಏಪ್ರಿಲ್ 18ರ ಶನಿವಾರ ಬೆಳಿಗ್ಗೆಯವರೆಗೆ ನಮ್ಮ ನಾಲ್ಕೂ ಅಡ್ಡರಸ್ತೆಗಳಿಗೆ ನಲ್ಲಿ ನೀರು ಇರುವುದಿಲ್ಲ. ಗುರುವಾರದ ಸರದಿ ತಪ್ಪುತ್ತದೆ. ಕೆಲಸ ಅಂದುಕೊಂಡಂತೆ ಮುಗಿದರೆ ಶನಿವಾರದ ಸರದಿಯಲ್ಲಿಯೇ ನೀರು ಬರುತ್ತದೆ. ಮುಖ್ಯರಸ್ತೆಗೆ ಮುಖಮಾಡಿರುವ ಮನೆಗಳಿಗೆ ಬೇರೆ ಕೊಳವೆ ಇದೆ, ಅಲ್ಲಿ ತೊಂದರೆಯಿಲ್ಲ.

ಎರಡನೇ ಅಡ್ಡರಸ್ತೆಯ ತಿರುವಿನಲ್ಲಿ ರಸ್ತೆ ಸದಾ ಒದ್ದೆಯಾಗಿರುವುದನ್ನು ಎಲ್ಲರೂ ನೋಡಿದ್ದೀರಿ. ಅಲ್ಲಿ ನೆಲದಡಿಯ ವಾಲ್ವ್ ತುಕ್ಕು ಹಿಡಿದು ಸೋರುತ್ತಿದೆ. ರಸ್ತೆ ಅಗೆದು ಅದನ್ನು ಬದಲಿಸಬೇಕು. ಹೊಸ ಜೋಡಣೆಯ ಸುತ್ತ ಹಾಕಿದ ಸಿಮೆಂಟು ಗಟ್ಟಿಯಾಗಲು ಒಂದು ದಿನ ಬೇಕಾಗುವುದರಿಂದ ಎರಡು ದಿನ ಹಿಡಿಯುತ್ತದೆ. ಗಂಗಾವಳಿ ನದಿಯಲ್ಲಿ ನೀರು ಬತ್ತಿದ್ದರಿಂದ ಹೀಗಾಗಿದೆ ಎಂಬ ಸುದ್ದಿ ಮೊಬೈಲಿನಲ್ಲಿ ಓಡಾಡುತ್ತಿದೆ. ಅದಕ್ಕೂ ಈ ಕೆಲಸಕ್ಕೂ ಸಂಬಂಧವಿಲ್ಲ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.

ನೀರು ತುಂಬಿಸಿಕೊಳ್ಳುವ ದಿನ ಮಂಗಳವಾರ. ಅಂದು ಅಂಬೇಡ್ಕರ್ ಜಯಂತಿಯ ರಜೆ ಇದ್ದರೂ ನೀರು ಬಿಡುತ್ತಾರೆ, ಅದೂ ಅರ್ಧ ಗಂಟೆ ಹೆಚ್ಚು: ಬೆಳಿಗ್ಗೆ 6ರಿಂದ 8.30ರವರೆಗೆ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ಆರೇಳು ಲೀಟರ್ ಎಂದು ಲೆಕ್ಕ ಹಿಡಿಯಿರಿ. ನಾಲ್ಕು ಜನರ ಮನೆಗೆ ಶನಿವಾರದವರೆಗೆ ಸುಮಾರು 100 ಲೀಟರ್, ಅಂದರೆ ಎಂಟು ಕೊಡ ಬೇಕು. ಅದನ್ನು ಮೊದಲು ತುಂಬಿಸಿ, ಬಾಯಿ ಮುಚ್ಚಿಡಿ. ಬಟ್ಟೆ, ಬಚ್ಚಲಿನ ನೀರಿನ ಯೋಚನೆ ಆಮೇಲೆ. ಕೊಳವೆಗೆ ನೇರವಾಗಿ ಮೋಟರ್ ಜೋಡಿಸಿ ಎಳೆಯಬೇಡಿ. ಕೊನೆಯ ಮನೆಗಳಿಗೆ ನೀರು ಸಿಗುವುದಿಲ್ಲ ಎಂಬುದಷ್ಟೇ ಅಲ್ಲ, ಒತ್ತಡ ಕಡಿಮೆಯಾದಾಗ ಸೋರುವ ಜಾಗದಿಂದ ಹೊರಗಿನ ಕೊಳೆ ಕೊಳವೆಯೊಳಗೆ ಸೇರುತ್ತದೆ.

ಗುರುವಾರ ಸಂಜೆ 4ಕ್ಕೆ, ಶುಕ್ರವಾರ ಬೆಳಿಗ್ಗೆ 7ಕ್ಕೆ ಮತ್ತು ಸಂಜೆ 4ಕ್ಕೆ ಟ್ಯಾಂಕರ್ ಬರುತ್ತದೆ. ಅಂಗನವಾಡಿಯ ಎದುರು ಮತ್ತು ನಾಲ್ಕನೇ ಅಡ್ಡರಸ್ತೆಯ ಅರಳಿಕಟ್ಟೆಯ ಬಳಿ ನಿಲ್ಲುತ್ತದೆ. ಪ್ರತಿ ಸಲ ಮನೆಗೆ ನಾಲ್ಕು ಕೊಡ. ಬಾಡಿಗೆಯನ್ನು ಸಂಘವೇ ಕೊಟ್ಟಿದೆ, ಚಾಲಕರಿಗೆ ಯಾರೂ ಹಣ ಕೊಡಬೇಕಾಗಿಲ್ಲ. ಈ ನೀರನ್ನು ಕುಡಿಯುವುದಾದರೆ ಚೆನ್ನಾಗಿ ಕುದಿಸಿ ಆರಿಸಿ. ವಯಸ್ಸಾದವರು, ಹಾಸಿಗೆ ಹಿಡಿದವರು, ಹಸುಗೂಸಿರುವ ಮನೆಯವರು ಬುಧವಾರದೊಳಗೆ ಹೇಳಿದರೆ ನಮ್ಮ ಹುಡುಗರು ಮನೆಯವರೆಗೆ ಹೊತ್ತು ತಂದುಕೊಡುತ್ತಾರೆ, ಸಂಕೋಚ ಬೇಡ. ಶುಕ್ರವಾರ ಮದುವೆ ಇರುವ ಮನೆಯವರು ತಮಗೆ ಬೇರೆ ಟ್ಯಾಂಕರ್ ಹೇಳಿಕೊಂಡಿದ್ದಾರೆ. ಅದು ಬಂದಾಗ ಬಿಂದಿಗೆ ಹಿಡಿದು ಓಡಬೇಡಿ.

ಇನ್ನು ಬಾವಿಗಳ ವಿಷಯ. ಮೂರು ಮನೆಯವರು ತಮ್ಮ ಬಾವಿಯ ನೀರು ಸೇದಿಕೊಳ್ಳಲು ಒಪ್ಪಿದ್ದಾರೆ, ಅವರಿಗೆ ಧನ್ಯವಾದ. ಆದರೆ ಕಾಳಿ ನದಿ ಇಲ್ಲಿ ಸಮುದ್ರ ಸೇರುವುದರಿಂದ ಉಬ್ಬರದ ನೀರು ಒಳಗೆ ಬರುತ್ತದೆ, ಬೇಸಿಗೆಯಲ್ಲಿ ದಡದ ಕಡೆಯ ಬಾವಿಗಳು ಸವಳಾಗುತ್ತವೆ. ಪಾತ್ರೆ ತೊಳೆಯಲು, ನೆಲ ಒರೆಸಲು, ಶೌಚಕ್ಕೆ ಅಡ್ಡಿಯಿಲ್ಲ. ಬೇಳೆ ಬೇಯಿಸಲು ಹೋದರೆ ಗ್ಯಾಸ್ ಮುಗಿದೀತು, ಬೇಳೆ ಬೇಯದು. ಬಾವಿಗೆ ಪಂಪು ಇಳಿಸಬೇಡಿ, ಕೊಡದಲ್ಲೇ ಸೇದಿ. ಒಮ್ಮೆಲೇ ಹೆಚ್ಚು ಎತ್ತಿದರೆ ಸಿಹಿನೀರು ತಗ್ಗಿ ಉಪ್ಪುನೀರು ಒಳಗೆ ಸರಿಯುತ್ತದೆ. ಎರಡು ದಿನದ ಅನುಕೂಲಕ್ಕೆ ಆ ಮನೆಯವರ ಬಾವಿ ಮಳೆಗಾಲದವರೆಗೆ ಕೆಡುವುದು ಬೇಡ.

ಈ ಎರಡು ದಿನ ಮೀನು ತರುವವರು ಮಾರುಕಟ್ಟೆಯಲ್ಲಿಯೇ ಕೊಯ್ಯಿಸಿ ಸ್ವಚ್ಛ ಮಾಡಿಸಿಕೊಂಡು ಬಂದರೆ ಮನೆಯಲ್ಲಿ ಎರಡು ಬಕೆಟ್ ನೀರು ಉಳಿಯುತ್ತದೆ. ಮೇಲಿನ ಟ್ಯಾಂಕ್ ಖಾಲಿಯಾದರೆ ಗೀಸರ್ ಆರಿಸಿಡಿ.

ಶನಿವಾರ ಮೊದಲು ಬರುವ ನೀರು ಕೆಂಪಗೆ, ಮಣ್ಣುಮಿಶ್ರವಾಗಿರಬಹುದು. ಗಾಬರಿಯಾಗಬೇಡಿ. ಸಂಪಿಗೆ ಹೋಗುವ ವಾಲ್ವ್ ಅನ್ನು ಶುಕ್ರವಾರ ರಾತ್ರಿಯೇ ಮುಚ್ಚಿ. ಅಂಗಳದ ನಲ್ಲಿಯನ್ನು ಬಿಟ್ಟು ನೀರು ತಿಳಿಯಾದ ಮೇಲೆ ಸಂಪಿಗೆ ತಿರುಗಿಸಿ. ಕೆಂಪು ನೀರನ್ನು ಬಕೆಟ್ಟಿನಲ್ಲಿ ಹಿಡಿದು ತೆಂಗಿನ ಬುಡಕ್ಕೆ ಹಾಕಬಹುದು. ಫಿಲ್ಟರ್ ಇರುವವರು ಅಂದು ಅದಕ್ಕೆ ನೀರು ಬಿಡದಿದ್ದರೆ ಒಳಗಿನ ಬತ್ತಿ ಕಟ್ಟಿಕೊಳ್ಳುವುದು ತಪ್ಪುತ್ತದೆ. ಸೋಮವಾರದವರೆಗೆ ಕುದಿಸಿದ ನೀರನ್ನೇ ಕುಡಿಯಿರಿ. ಭಾನುವಾರವೂ ಬಣ್ಣ ಅಥವಾ ವಾಸನೆ ಇದ್ದರೆ ಒಂದು ಬಾಟಲಿಯಲ್ಲಿ ಹಿಡಿದು ತನ್ನಿ, ಸಂಘದಿಂದ ದೂರು ಕೊಡುತ್ತೇವೆ.

ಕೆಲಸ ತಡವಾದರೆ ಶುಕ್ರವಾರ ಸಂಜೆ 6ರೊಳಗೆ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ತಿಳಿಸುತ್ತೇವೆ, ಅಂಗನವಾಡಿಯ ಗೋಡೆಯ ಮೇಲೂ ಬರೆದು ಅಂಟಿಸುತ್ತೇವೆ. ಶನಿವಾರಕ್ಕೆ ಇನ್ನೊಂದು ಟ್ಯಾಂಕರ್ ಹೇಳಿಟ್ಟಿದ್ದೇವೆ. ಕೇಳುವುದೇನಾದರೂ ಇದ್ದರೆ ಪ್ರತಿದಿನ ಸಂಜೆ 6ರಿಂದ 8ರವರೆಗೆ ಸಂಘದ ಕೋಣೆಗೆ ಬನ್ನಿ.

ಎರಡನೇ ಅಡ್ಡರಸ್ತೆಯ ತಿರುವು ಎರಡೂ ದಿನ ವಾಹನಗಳಿಗೆ ಬಂದ್. ಬೈಕು, ಕಾರುಗಳನ್ನು ಬುಧವಾರ ರಾತ್ರಿಯೇ ಆಚೆ ನಿಲ್ಲಿಸಿ. ಅಗೆದ ಗುಂಡಿಯ ಹತ್ತಿರ ಮಕ್ಕಳನ್ನು ಬಿಡಬೇಡಿ.

ಕಾರ್ಯದರ್ಶಿ,
ಬಡಾವಣೆಯ ನಿವಾಸಿಗಳ ಸಂಘ