ಶನಿವಾರ ಬರಲಾಗುತ್ತಿಲ್ಲ ಗಿರಿಜಕ್ಕ, ಕ್ಷಮಿಸಿ

ಗುರುವಾರ, ಮಾರ್ಚ್ 12

ಪ್ರೀತಿಯ ಗಿರಿಜಕ್ಕ,

ಸುತ್ತಿ ಬಳಸಿ ಹೇಳುವುದಿಲ್ಲ. ನಾಡಿದ್ದು ಶನಿವಾರ ನಿಮ್ಮ ಮನೆಯಲ್ಲಿ ಎಲ್ಲರೂ ಸೇರುವುದಕ್ಕೆ ನಾವು ಮೂವರೂ ಬರಲಾಗುತ್ತಿಲ್ಲ. ಪುಟ್ಟನಿಗೆ ಚಿಕನ್ ಪಾಕ್ಸ್ ಆಗಿದೆ. ನಿನ್ನೆ ಸಂಜೆ ಬೆನ್ನ ಮೇಲೆ ನಾಲ್ಕೈದು ಗುಳ್ಳೆ ಕಂಡವು, ಸೊಳ್ಳೆ ಕಚ್ಚಿರಬೇಕು ಅಂದುಕೊಂಡು ಸುಮ್ನಾದೆವು. ರಾತ್ರಿ ಮಲಗಿಸುವಾಗ ನೋಡಿದರೆ ಹೊಟ್ಟೆ, ಕುತ್ತಿಗೆ, ತಲೆಕೂದಲಿನ ಒಳಗೆಲ್ಲ ಎದ್ದಿದ್ದವು. ಇವತ್ತು ಬೆಳಿಗ್ಗೆ ಡಾಕ್ಟರಿಗೆ ತೋರಿಸಿಕೊಂಡು ಬಂದೆವು. ಅವರು ನೋಡಿದ ಕೂಡಲೇ ಹೇಳಿದರು, ಅನುಮಾನವೇ ಇಲ್ಲ.

ಎರಡು ದಿನ ಇರುವಾಗ ಹೀಗೆ ಹೇಳುತ್ತಿದ್ದೇನೆ, ನನಗೇ ಕಸಿವಿಸಿ. ನೀವು ಶುಕ್ರವಾರ ರಜೆ ಹಾಕಿದ್ದೀರಿ, ಭಾವ ಮಹಡಿ ಮೇಲಿನ ಕೋಣೆ ಖಾಲಿ ಮಾಡಿಸಿದ್ದಾರೆ ಅಂತ ಗೊತ್ತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು "ಪರವಾಗಿಲ್ಲ ಬಿಡು ಮಂಜು" ಅಂದುಬಿಡುತ್ತೀರಿ, ನಾನೂ ಹೂಂ ಅಂದು ಇಟ್ಟುಬಿಡುತ್ತೇನೆ, ಹೇಳಲೇಬೇಕಾದ ಒಂದು ಮಾತು ಅರ್ಧಕ್ಕೆ ನಿಂತುಹೋಗುತ್ತದೆ.

ಅದು ದೀಪಾಳ ವಿಷಯ.

ಹೋದ ಭಾನುವಾರ ಮಧ್ಯಾಹ್ನ ನಾವು ನಿಮ್ಮ ಮನೆಗೆ ಬಂದಿದ್ದೆವು, ಪುಟ್ಟ ಅವಳ ಪಕ್ಕದಲ್ಲೇ ಕೂತು ಚಿತ್ರ ಬಿಡಿಸುತ್ತಿದ್ದ. ಇದು ನೆನಪಾದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಡಾಕ್ಟರನ್ನು ಮೊದಲು ಕೇಳಿದ್ದೇ ಇದನ್ನ. ಗುಳ್ಳೆ ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲಿನಿಂದ ಇದು ಹರಡಲು ಶುರುವಾಗುತ್ತದಂತೆ. ಗುಳ್ಳೆ ಎದ್ದಿದ್ದು ಬುಧವಾರ ಸಂಜೆ, ಹಾಗಾಗಿ ಲೆಕ್ಕ ಸೋಮವಾರ ಸಂಜೆಯಿಂದ. ಭಾನುವಾರ ಅದಕ್ಕಿಂತ ಹಿಂದೆ ಬರುತ್ತದೆ, ಜಾಸ್ತಿ ಚಿಂತೆ ಬೇಡ ಅಂದರು. ಆದರೂ ದೀಪಾಗೆ ಏಳನೇ ತಿಂಗಳು, ಅವಳ ಡಾಕ್ಟರಿಗೆ ಇವತ್ತೇ ಒಂದು ಫೋನ್ ಮಾಡಿ ಹೇಳಿಬಿಡಲಿ. ಚಿಕ್ಕವಳಿದ್ದಾಗ ಅವಳಿಗೆ ಇದು ಆಗಿತ್ತಾ? ನಿಮಗೆ ನೆನಪಿದ್ದರೆ ಅರ್ಧ ಚಿಂತೆ ಅಲ್ಲೇ ಮುಗಿಯಿತು, ಒಂದು ಸಲ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ನೆನಪಿಲ್ಲದಿದ್ದರೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಒಂದು ವೇಳೆ ಬೇಕಾದರೆ ಗರ್ಭಿಣಿಯರಿಗೆ ಕೊಡುವ ಇಂಜೆಕ್ಷನ್ ಕೂಡ ಇದೆ, ಆದರೆ ಅದನ್ನು ಬೇಗ ಕೊಡಬೇಕು, ಅದಕ್ಕೇ ಇವತ್ತೇ ಅಂದೆ. ಹೆದರಿಸಲು ಬರೆಯುತ್ತಿಲ್ಲ ಅಕ್ಕ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ನಿಮ್ಮ ಮುಖ ಹೇಗೆ ನೋಡಲಿ, ಅಷ್ಟೇ.

ಪುಟ್ಟ ಪರವಾಗಿಲ್ಲ. ಜ್ವರ ನೂರರ ಮೇಲೆ ಹೋಗಿಲ್ಲ. ಸಣ್ಣವನಿದ್ದಾಗ ಒಂದು ಡೋಸ್ ಲಸಿಕೆ ಹಾಕಿಸಿದ್ದೆವು, ಎರಡನೆಯದನ್ನು ಈಗ ಹಾಕಿಸೋಣ ಆಮೇಲೆ ಹಾಕಿಸೋಣ ಅಂತ ಮುಂದೂಡಿದ್ದು ನಾನೇ. ಆ ಒಂದು ಡೋಸ್ ಇರುವುದಕ್ಕೇ ಇಷ್ಟರಲ್ಲಿ ಇದೆ ಅಂದರು ಡಾಕ್ಟರ್, ಬೈಯಲಿಲ್ಲ, ಆದರೆ ನೋಡಿದ ರೀತಿಯಲ್ಲೇ ಬೈದ ಹಾಗಾಯಿತು. ತುರಿಕೆಯೇ ದೊಡ್ಡ ಕಾಟ. ಉಗುರು ಕತ್ತರಿಸಿದ್ದೇವೆ, ಕ್ಯಾಲಮೈನ್ ಹಚ್ಚುತ್ತಿದ್ದೇವೆ, ಮೈಯೆಲ್ಲ ಗುಲಾಬಿ ಬಣ್ಣ ಆಗಿ ಕನ್ನಡಿ ಮುಂದೆ ನಿಂತು ನಗುತ್ತಾನೆ, ಐದು ನಿಮಿಷಕ್ಕೆ ಮತ್ತೆ ಅಳು. ರಾತ್ರಿ ಮೂರು ಗಂಟೆವರೆಗೆ ಅವನೂ ಮಲಗಲಿಲ್ಲ, ನಾವೂ ಮಲಗಲಿಲ್ಲ.

ಲತಾಗೆ ಇದು ಯಾವತ್ತೂ ಆಗಿಲ್ಲ. ಸೋಂಕು ತಗುಲಿ ಮೂರರಿಂದ ಐದು ದಿನದ ಒಳಗೆ ಲಸಿಕೆ ಹಾಕಿಸಿಕೊಂಡರೆ ಬರದೇ ಹೋಗಬಹುದು, ಬಂದರೂ ಹಗುರಾಗಿ ಬರುತ್ತದೆ ಅಂತ ಅವಳಿಗೂ ಬೆಳಿಗ್ಗೆಯೇ ಹಾಕಿಸಿಕೊಂಡು ಬಂದೆವು. ನನಗೆ ಎಂಟನೇ ವಯಸ್ಸಿಗೇ ಆಗಿಹೋಗಿದೆ, ಹಣೆ ಮೇಲಿನ ಕಲೆ ನೀವೇ ಎಷ್ಟೋ ಸಲ ಆಡಿಕೊಂಡಿದ್ದೀರಿ.

ಹಾಗಾದರೆ ನೀನೊಬ್ಬನೇ ಬಾ ಅಂತ ಭಾವ ಕೇಳಬಹುದು. ನಾನೂ ಯೋಚಿಸಿದೆ. ನನ್ನಿಂದ ಹರಡುವ ಸಂಭವ ತೀರಾ ಕಡಿಮೆ ಅಂದಿದ್ದಾರೆ. ಆದರೆ ಎರಡು ರಾತ್ರಿ ಲತಾ ಒಬ್ಬಳೇ ಇವನನ್ನು ಎತ್ತಿಕೊಂಡು ಓಡಾಡಲಿ ಅಂತ ಬಿಟ್ಟು ಬರಲು ಮನಸ್ಸಿಲ್ಲ. ಬಂದರೂ ಅಲ್ಲಿ ಕೂತು ಫೋನ್ ನೋಡುತ್ತಿರುತ್ತೇನೆ, ಅಂಥ ನೆಂಟ ನಿಮಗೆ ಯಾಕೆ ಬೇಕು ಹೇಳಿ.

ಈಗ ಮುಂದಿನ ದಿನದ ಮಾತು. "ಮುಂದೆ ಯಾವಾಗಲಾದರೂ" ಅಂದರೆ ಅದು ಬರುವುದೇ ಇಲ್ಲ, ಅದಕ್ಕೆ ಲೆಕ್ಕ ಹಾಕಿಯೇ ಬರೆಯುತ್ತಿದ್ದೇನೆ. ಪುಟ್ಟನ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟಲು ಸುಮಾರು 18ನೇ ತಾರೀಕು ಆಗುತ್ತದೆ. ಅಲ್ಲಿಗೆ ಅವನಿಂದ ಹರಡುವುದು ನಿಲ್ಲುತ್ತದೆ. ಆದರೆ ಲತಾಗೆ ಅವನಿಂದ ತಗುಲಿದ್ದರೆ ಅದು ಹೊರಗೆ ಕಾಣಲು 10ರಿಂದ 21 ದಿನ ಬೇಕು. ಅಂದರೆ ಏಪ್ರಿಲ್ 8ರವರೆಗೆ ನಾವು ದೀಪಾ ಇರುವ ಮನೆಗೆ ಕಾಲಿಡುವುದಿಲ್ಲ, ನೀವು ಕರೆದರೂ ಬರುವುದಿಲ್ಲ. ಅದಾದ ಮೇಲೆ ಏಪ್ರಿಲ್ 11 ಶನಿವಾರ ಅಥವಾ 18 ಶನಿವಾರ, ಎರಡೂ ವಾರ ನಮಗೆ ಬಿಡುವಿದೆ. ನನ್ನ ಕೇಳಿದರೆ 18 ವಾಸಿ. 11 ಅಂದರೆ ಮೂರೇ ದಿನದ ಅಂತರ, ಕೊನೆ ಗಳಿಗೆಯಲ್ಲಿ ಲತಾಗೆ ಒಂದು ಗುಳ್ಳೆ ಎದ್ದರೆ ಮತ್ತೆ ನಿಮಗೆ ಇಂಥದ್ದೇ ಕಾಗದ ಬರುತ್ತದೆ. ಮೇ ತಿಂಗಳಿಗೆ ಹಾಕಿದರೆ ದೀಪಾಗೆ ದಿನ ಹತ್ತಿರ ಬಂದಿರುತ್ತದೆ, ಆಗ ಮನೆ ತುಂಬ ಜನ ಬೇಡ ಅನಿಸಬಹುದು. ನೋಡಿ ಹೇಳಿ. ಏನೇ ಆಗಲಿ, ಏಪ್ರಿಲ್ 8ರ ಸಂಜೆ ನಾನೇ ಫೋನ್ ಮಾಡಿ ಬರುತ್ತೇವೋ ಇಲ್ಲವೋ ಖಚಿತ ಮಾಡುತ್ತೇನೆ.

ನಮಗಾಗಿ ಈ ಶನಿವಾರದ್ದನ್ನು ನಿಲ್ಲಿಸಲೇಬೇಡಿ. ರಮೇಶ ಮತ್ತು ಸುಧಾ ಟಿಕೆಟ್ ಮಾಡಿಸಿಯಾಗಿದೆ, ಅವರು ಬರಲಿ, ನೀವೆಲ್ಲ ಸೇರಿ. ನಮ್ಮ ಸರದಿ ಬೇರೆ ಬರಲಿ. ಎಲ್ಲರೂ ಒಟ್ಟಿಗೇ 18ಕ್ಕೆ ಸೇರೋಣ ಅಂತ ನೀವು ಅಂದರೆ ರಮೇಶನ ಜೊತೆ ನಾನೇ ಮಾತಾಡುತ್ತೇನೆ, ಆ ಕಷ್ಟದ ಫೋನ್ ನಿಮಗೆ ಬೇಡ.

ಹಳೇ ಫೋಟೋಗಳನ್ನು ಗೋಡೆ ಮೇಲೆ ತೋರಿಸುತ್ತೇನೆ ಅಂತ ಒಪ್ಪಿಕೊಂಡಿದ್ದೆನಲ್ಲ, ಅದು ತಪ್ಪುವುದಿಲ್ಲ. 140 ಫೋಟೋ ಸ್ಕ್ಯಾನ್ ಆಗಿವೆ, ನಾಳೆ ರಾತ್ರಿಯೊಳಗೆ ಭಾವನಿಗೆ ಲಿಂಕ್ ಕಳಿಸುತ್ತೇನೆ, ಟಿವಿಗೆ ಹಾಕಿ ನೋಡಿ. ನೀವು ಎರಡು ಜಡೆ ಹಾಕಿಕೊಂಡು ಸೈಕಲ್ಲಿನಿಂದ ಬಿದ್ದು ಅಳುತ್ತಿರುವ ಫೋಟೋ ಮಾತ್ರ ಕಳಿಸುತ್ತಿಲ್ಲ. ಅದು ನಾನು ಬಂದಾಗಲೇ.

ದೀಪಾ ಡಾಕ್ಟರ್ ಏನಂದರು ಅಂತ ಒಂದು ಸಾಲು ಮೆಸೇಜ್ ಹಾಕಿ ಅಕ್ಕ, ಅಲ್ಲಿಯವರೆಗೆ ನನಗೆ ಸಮಾಧಾನ ಇಲ್ಲ. ತಾರೀಕಿನ ಉತ್ತರ ನಿಧಾನವಾಗಿ ಕೊಟ್ಟರೂ ನಡೆಯುತ್ತದೆ.

ಇಂತಿ ನಿಮ್ಮ
ಮಂಜು

ತಾ.ಕ.: ಪುಟ್ಟ ದೀಪಕ್ಕನ ಪಾಪುಗೆ ಒಂದು ಚಿತ್ರ ಬಿಡಿಸಿದ್ದಾನೆ, ಈಗಲೇ ಕಳಿಸು ಅಂತ ಹಟ. ಕಾಗದ ಕಳಿಸುವುದು ಬೇಡ, ಫೋಟೋ ತೆಗೆದು ಕಳಿಸುತ್ತೇನೆ ಅಂದೆ. ಅದರಲ್ಲಿ ಪಾಪುವಿಗೂ ಗುಳ್ಳೆ ಇವೆ, ತಪ್ಪು ತಿಳಿಯಬೇಡಿ.