ಎರಡು ನಿಮಿಷ ಹಿಂದೆ: ಹೊಸ ಕಾದಂಬರಿ, ಈ ಭಾನುವಾರ ಬಿಡುಗಡೆ

ಗೋಡೆ ಗಡಿಯಾರ ದಿನವೂ ಸರಿಯಾಗಿ ಎರಡೇ ನಿಮಿಷ ಹಿಂದೆ ಬೀಳುತ್ತಿದ್ದರೆ ಅದು ಕೆಟ್ಟಿಲ್ಲ. ಯಾರೋ ಹಾಗೆ ಇಟ್ಟಿದ್ದಾರೆ.

ಮೂರನೆಯ ಅಧ್ಯಾಯದಿಂದ, ಪುಟ 41:

ಗಡಿಯಾರದ ಬಾಗಿಲು ತೆಗೆದ ವಾಮನಪ್ಪ ಕೈ ಹಾಕಲಿಲ್ಲ, ಕಿವಿಗೊಟ್ಟ. ಟಿಕ್, ಟಕ್. ಟಿಕ್, ಟಕ್. ನಡುವಿನ ಬಿಡುವು ಸಮ. ನಡಿಗೆ ಕುಂಟುತ್ತಿಲ್ಲ. ಅಂದರೆ ಪೆಟ್ಟಿಗೆ ನೆಟ್ಟಗೇ ಇದೆ.

“ಹೋದ ವಾರ ನೀವೇ ಸರಿ ಮಾಡಿ ಹೋದ್ರಿ. ಮತ್ತೆ ಅದೇ ಕತೆ,” ಅಂದರು ಶಾರದಮ್ಮ.

“ಸ್ಪ್ರಿಂಗು ಸೋತಿರಬೇಕು,” ಎಂದ ಮಗ, ಪೇಪರಿನಿಂದ ತಲೆ ಎತ್ತದೆ.

“ಸ್ಪ್ರಿಂಗು ಸೋತ್ರೆ ಕೀ ಕೊಟ್ಟ ದಿನ ಒಂದು ಥರ, ವಾರದ ಕೊನೆಗೆ ಇನ್ನೊಂದು ಥರ ಓಡ್ತದೆ. ಇದು ದಿನಾ ಅಷ್ಟಷ್ಟೇ ಹಿಂದೆ ಬೀಳ್ತದೆ ಅಂತೀರಲ್ಲ, ತಾಯಿ?”

“ದಿನಾ ಎರಡೇ ನಿಮಿಷ. ಬೆಳಿಗ್ಗೆ ಎಂಟಕ್ಕೆ ಫೋನ್ ನೋಡಿ ಮುಳ್ಳು ಕೂಡಿಸೋಳು ನಾನೇ ಅಲ್ವಾ?”

ಲೋಲಕವನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಿದ. ಹೋದ ವಾರ ಗುಂಡಿನ ಕೆಳಗಿನ ನಟ್ಟನ್ನು ಒಂದೂಕಾಲು ಸುತ್ತು ಏರಿಸಿ, ಅದರ ಕೆಳಂಚಿಗೆ ತಾಗುವಂತೆ ಸರಳಿನ ಮೇಲೆ ಸೂಜಿಯಲ್ಲಿ ಗೀರು ಎಳೆದಿದ್ದ. ಹಳೆಯ ಅಭ್ಯಾಸ. ಈಗ ಆ ಗೀರು ಕಾಣಿಸಲಿಲ್ಲ. ನಟ್ಟು ತಿರುಗಿಸುತ್ತ ಹೋದ. ಒಂದು ಸುತ್ತು. ಇನ್ನೊಂದು ಕಾಲು. ಗೀರು ಅಂಚಿನಲ್ಲಿ ಮೂಡಿತು. ಅದುರಿ ಸಡಿಲವಾದ ನಟ್ಟು ಎಲ್ಲೆಂದರಲ್ಲಿ ನಿಲ್ಲುತ್ತದೆ. ಲೆಕ್ಕ ಹಾಕಿ ನಿಲ್ಲುವುದಿಲ್ಲ.

“ಈ ಬಾಗಿಲಿನ ಬೀಗದ ಕೈ ಯಾರ ಹತ್ರ ಇರ್ತದೆ?”

ಶಾರದಮ್ಮ ಬಾಯಿ ತೆರೆಯುವ ಮೊದಲೇ ಒಳಕೋಣೆಯಲ್ಲಿ ಯಾರೋ ರೇಡಿಯೊದ ದನಿ ಪೂರ್ತಿ ಇಳಿಸಿದರು.

ಇಲ್ಲಿಗೆ ನಿಲ್ಲಿಸಿದ್ದೇವೆ. ಉತ್ತರ ಪುಟ 43ರಲ್ಲಿ ಇಲ್ಲ ಎಂದು ಮಾತ್ರ ಹೇಳಬಹುದು.

ಇದು ಪತ್ತೇದಾರಿ ಕಾದಂಬರಿಯಲ್ಲ. ಕೊಲೆಯಿಲ್ಲ, ಪೊಲೀಸರಿಲ್ಲ. ಒಂದು ಮನೆ, ನಾಲ್ಕು ಜನ, ಒಂದು ಗಡಿಯಾರ, ದಿನಕ್ಕೆ ಎರಡು ನಿಮಿಷ ಯಾರಿಗೆ ಏಕೆ ಬೇಕು ಎಂಬ ಒಂದು ಪ್ರಶ್ನೆ. ವೇಗದ ಕತೆ ಬೇಕಾದವರಿಗೆ ಮೊದಲ 30 ಪುಟ ನಿಧಾನ ಅನ್ನಿಸೀತು.

ಗಡಿಯಾರದ ಲೆಕ್ಕ ಕತೆಗಾಗಿ ಬಗ್ಗಿಸಿದ್ದಲ್ಲ. ಕತೆಯ ಲೋಲಕದ ಉದ್ದ ಸುಮಾರು 25 ಸೆಂ.ಮೀ., ಅತ್ತಿತ್ತ ತೂಗಿ ಬರಲು ಒಂದು ಸೆಕೆಂಡು. ಗುಂಡು ಹೆಚ್ಚುಕಡಿಮೆ 0.7 ಮಿ.ಮೀ. ಕೆಳಗಿಳಿದರೆ ಸಾಕು, ದಿನಕ್ಕೆ ಎರಡು ನಿಮಿಷ ಹೋಗುತ್ತದೆ. ಉಗುರಿನ ದಪ್ಪಕ್ಕಿಂತ ತುಸು ಹೆಚ್ಚು, ಅಷ್ಟೇ. ಮನೆಯವರ ಕಣ್ಣಿಗೆ ಅದು ಏಕೆ ಬೀಳಲಿಲ್ಲ ಎಂದು ಕೇಳುವವರಿಗೆ ಇದೇ ಉತ್ತರ. ಗಡಿಯಾರದ ಒಳಭಾಗಗಳನ್ನು ಹೆಸರಿಸಿದ ಒಂದು ರೇಖಾಚಿತ್ರ ಪುಸ್ತಕದ ಕೊನೆಯಲ್ಲಿದೆ. ಅದನ್ನು ನೋಡದೆಯೂ ಕತೆ ಅರ್ಥವಾಗುತ್ತದೆ.

ಪುಸ್ತಕ: ಡೆಮಿ 1/8 ಅಳತೆ, 160 ಪುಟ, 16 ಪುಟಗಳ ಹತ್ತು ಫಾರಂ. ಹೊಲಿಗೆ ಬೈಂಡಿಂಗ್, ಹಾಗಾಗಿ ಅಗಲವಾಗಿ ತೆರೆದಿಟ್ಟರೂ ಹಾಳೆ ಕಳಚುವುದಿಲ್ಲ. ಮೊದಲ ಮುದ್ರಣ 300 ಪ್ರತಿ. ಲೇಖಕರೇ ಪ್ರಕಾಶಕರು, ಪ್ಯಾಕ್ ಮಾಡುವವರೂ ಅವರೇ.

ಬಿಡುಗಡೆ: ಭಾನುವಾರ ಸಂಜೆ 6 ಗಂಟೆಗೆ ಇಲ್ಲೇ ಲೈವ್, 40 ನಿಮಿಷ. ಮೊದಲು ಐದನೆಯ ಅಧ್ಯಾಯದ ಓದು. ಆಮೇಲೆ ಮೇಜಿನ ಮೇಲೆ ಗಡಿಯಾರವೊಂದನ್ನು ಬಿಚ್ಚಿ, ವಾಮನಪ್ಪ ಕೇಳಿಸಿಕೊಂಡ ಆ ಸಮ ನಡಿಗೆ, ಪೆಟ್ಟಿಗೆ ತುಸು ವಾಲಿದಾಗ ಬರುವ ಕುಂಟು ನಡಿಗೆ, ಎರಡನ್ನೂ ಕೇಳಿಸುತ್ತೇವೆ. ಇಯರ್‌ಫೋನ್ ಇದ್ದರೆ ಒಳ್ಳೆಯದು. ಫೋನಿನ ಸ್ಪೀಕರಿನಲ್ಲಿ ವ್ಯತ್ಯಾಸ ಅಷ್ಟು ತಿಳಿಯದು. ಉಳಿದ ಹೊತ್ತು ನಿಮ್ಮ ಪ್ರಶ್ನೆಗಳಿಗೆ.

ಮುಂಗಡ ಪ್ರತಿ ಬೇಕಿದ್ದರೆ ಶನಿವಾರ ರಾತ್ರಿ 9ರೊಳಗೆ “ಗಡಿಯಾರ” ಎಂದು ಮೆಸೇಜ್ ಮಾಡಿ. ಹೆಸರು, ಪೂರ್ತಿ ವಿಳಾಸ, ಫೋನ್ ನಂಬರು, ಎಷ್ಟು ಪ್ರತಿ, ಇವೆಲ್ಲ ಒಂದೇ ಮೆಸೇಜಿನಲ್ಲಿರಲಿ. ನಾಲ್ಕು ತುಂಡಾಗಿ ಬಂದರೆ ವಿಳಾಸ ಅದಲುಬದಲಾಗುತ್ತದೆ. ಕಾಮೆಂಟಿನಲ್ಲಿ ವಿಳಾಸ ಹಾಕಬೇಡಿ. ಒಂದು ದಿನದಲ್ಲಿ ಮರುಉತ್ತರ ಬಾರದಿದ್ದರೆ ನಿಮ್ಮ ಮೆಸೇಜ್ ರಿಕ್ವೆಸ್ಟ್ ಫೋಲ್ಡರಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ, ಇಲ್ಲಿ “ಕಳಿಸಿದ್ದೇನೆ” ಎಂದಷ್ಟೇ ಬರೆಯಿರಿ. ಸಹಿ ಬೇಕಾದವರು ಹೆಸರನ್ನು ಕನ್ನಡ ಅಕ್ಷರದಲ್ಲೇ ಕೊಡಿ. ಇಂಗ್ಲಿಷಿನಲ್ಲಿ ಬರೆದರೆ ಲತಾ ಯಾರು, ಲತ ಯಾರು ಗೊತ್ತಾಗುವುದಿಲ್ಲ.

ಇ-ಪುಸ್ತಕ ಅದೇ ಸಂಜೆ 7ಕ್ಕೆ. ಕೆಲವು ಹಳೆಯ ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಕೊಳ್ಳುವ ಮೊದಲು ಉಚಿತ ಮಾದರಿ ಅಧ್ಯಾಯ ತೆರೆದು “ಲೆಕ್ಕ”, “ಸ್ಪ್ರಿಂಗು” ಎಂಬ ಪದಗಳು ಸರಿಯಾಗಿವೆಯೇ ನೋಡಿಕೊಳ್ಳಿ.

ಬೀಗದ ಕೈ ಯಾರ ಹತ್ತಿರವಿತ್ತು? ನಿಮ್ಮ ಊಹೆ ಕೆಳಗೆ ಬರೆಯಿರಿ. ಕರಡು ಓದಿದವರು ದಯವಿಟ್ಟು ಸುಮ್ಮನಿರಿ.

#ಎರಡುನಿಮಿಷಹಿಂದೆ #ಕನ್ನಡಕಾದಂಬರಿ #ಹೊಸಪುಸ್ತಕ